ಗುಳ್ಳೆ ಏಳದ ಪಂಕ್ಚರ್

ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಪೂರ್ತಿ ಒಂದು ಸುತ್ತು ತಿರುಗಿಸಿದರೂ ಒಂದೇ ಒಂದು ಗುಳ್ಳೆ ಏಳಲಿಲ್ಲ. ಸೈಕಲ್ ಅಂಗಡಿಯವಳು ತಲೆಯೆತ್ತಿ ಡ್ರಾಯಿಂಗ್ ಮೇಷ್ಟ್ರನ್ನು ನೋಡಿದಳು. ಪಂಕ್ಚರ್ ಎಂದು ಅವರು ಸೈಕಲ್ ತಂದದ್ದು ಒಂದೇ ತಿಂಗಳಲ್ಲಿ ಇದು ಮೂರನೇ ಸಲ. ತನ್ನ ಕೆಲಸವೇ ಕೆಟ್ಟಿತೇನೋ ಎಂದು ಅವಳಿಗೆ ನಿದ್ದೆ ಬಂದಿರಲಿಲ್ಲ.

ಅವರ ನಗುವನ್ನು ಅವಳು ಎಂದೂ ತಲೆಗೆ ಹಚ್ಚಿಕೊಂಡವಳಲ್ಲ. "ಆ ಮನುಷ್ಯ ಕರೆಂಟ್ ಕಂಬಕ್ಕೂ ಕ್ಷೇಮ ಕೇಳ್ತಾನೆ ಕಣೇ, ಮೋಸ ಹೋಗ್ಬೇಡ" ಎಂದು ಅಕ್ಕ ಹೇಳಿದ್ದಳು. ನಿಜವೇ. ಹೆಸರು ಹಿಡಿದು ಮಾತಾಡಿಸುವುದು, ಟೀ ತಂದುಕೊಡುವುದು ಎದುರಂಗಡಿ ದರ್ಜಿಗೂ ಇತ್ತು, ಪೇಪರ್ ಮಾರುವ ಅಜ್ಜಿಗೂ ಇತ್ತು. ಎಲ್ಲರಿಗೂ ಸಿಗುವುದನ್ನು ತನಗೊಬ್ಬಳಿಗೇ ಎಂದುಕೊಳ್ಳಲು ಅವಳೇನು ಪೆದ್ದಿಯೇ? ಆದರೆ ಶಾಲೆಯ ಗೇಟಿನ ಪಕ್ಕದಲ್ಲೇ ಇನ್ನೊಂದು ಸೈಕಲ್ ಅಂಗಡಿಯಿದೆ. ಅದನ್ನು ದಾಟಿ, ಆ ಏರು ರಸ್ತೆಯಲ್ಲಿ ಬೆವರು ಸುರಿಸುತ್ತಾ ಗಾಡಿ ತಳ್ಳಿಕೊಂಡು ಯಾರೂ ಸುಮ್ಮನೆ ಬರುವುದಿಲ್ಲ.

"ನಾನು ಬಿಗಿ ಮಾಡಿದ ವಾಲ್ವು ತಾನಾಗೇ ಬಿಚ್ಕೊಳ್ಳಲ್ಲ ಮೇಷ್ಟ್ರೇ. ಮಕ್ಕಳ ಚೇಷ್ಟೆ ಅನ್ನಿ, ನಂಬ್ತೀನಿ. ನಂಗೇನೂ ಬೇಜಾರಿಲ್ಲ."

ಊರಿಗೆಲ್ಲ ಹಂಚುವ ಆ ನಗು ಮೊದಲ ಸಲ ಅವರ ಮುಖದಿಂದ ಮಾಯವಾಯಿತು. "ಮಕ್ಕಳಲ್ಲ. ಗಾಳಿ ಬಿಟ್ಟಿದ್ದು ನಾನೇ" ಎಂದರು, ಸೈಕಲ್ ಬೆಲ್ಲನ್ನು ಉಜ್ಜುತ್ತಾ. "ಇಲ್ಲಿಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ."

ಅವಳು ಟ್ಯೂಬನ್ನು ಟೈರಿನೊಳಗೆ ಕೂರಿಸಿ, ವಾಲ್ವು ಬಿಗಿದು, ಗಾಳಿ ತುಂಬಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕಲ್ಲಿನಂತಿತ್ತು.

"ನಾಳೆ ಗಾಡಿ ತುಳ್ಕೊಂಡೇ ಬನ್ನಿ. ಟೀ ನಂದು" ಎಂದವಳು ಒಳಗೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಅಕ್ಕಾ, ನನ್ನ ರಿಪೇರಿ ಕೆಟ್ಟಿರ್ಲಿಲ್ಲ ಕಣೇ!"