ಮೇಡಂ ಇದಾರಾ?

ಮನೆ ಸಾಲದ ಪತ್ರಕ್ಕೆ ಸಹಿ ಹಾಕಲು ತೆರೆದಿದ್ದ ಪೆನ್ನಿಗೆ ನರ್ಸ್ ಮತ್ತೆ ಮುಚ್ಚಳ ಹಾಕಿದಳು. "ಸಾರ್, ಕಂತು ನಿಂತ್ರೆ ಯಾರನ್ನ ಹಿಡೀತೀರಿ?"

"ಇಬ್ಬರನ್ನೂ," ಎಂದ ಬ್ಯಾಂಕಿನ ಅಧಿಕಾರಿ. "ಯಜಮಾನ್ರ ಸ್ಟುಡಿಯೋ ಆದಾಯ ಒಂದೇ ಸಮ ಇಲ್ಲ. ನಿಮ್ಮ ಸಂಬಳ ನೋಡೇ ಸಾಲ ಕೊಡ್ತಿರೋದು. ನೀವು ಸಹ-ಸಾಲಗಾರರು, ಪೂರ್ತಿ ಸಾಲಕ್ಕೂ ಹೊಣೆ."

"ಮನೆ?"

"ಅದು ಕ್ರಯಪತ್ರದಲ್ಲಿ ಹೆಸರಿದ್ದೋರದ್ದು. ಸದ್ಯಕ್ಕೆ ಇವರೊಬ್ರದೇ ಬರೋದು."

ಪಕ್ಕದಲ್ಲಿದ್ದ ಅವಳ ಫೋಟೋಗ್ರಾಫರ್ ಗಂಡ ನಕ್ಕ. "ನಿಂದು ನಂದು ಅಂತ ಬೇರೆ ಇದೆಯೇನೇ? ಬಾಡಿಗೆ ಕಟ್ಟೋದು ನೀರಲ್ಲಿ ಹೋಮ. ಆ ಸೋರೋ ಮನೆ ಮೇಲೆ ನಿಂಗ್ಯಾಕಷ್ಟು ಮೋಹ, ಇವತ್ತಾದ್ರೂ ಹೇಳು."

"ಅದರ ಬಾಡಿಗೆ ಕರಾರು ನನ್ನ ಹೆಸರಲ್ಲಿದೆ," ಎಂದಳು. "ಓನರ್ ಬಂದ್ರೆ 'ಮೇಡಂ ಇದಾರಾ' ಅಂತ ಕೇಳ್ತಾರೆ."

ಅವನ ನಗು ಅಲ್ಲೇ ನಿಂತಿತು. ಪ್ರತಿ ಸಲ ಬಾಗಿಲು ತೆಗೆದು, 'ನಿನ್ನನ್ನೇ ಕೇಳ್ತಿದಾರೆ ಕಣೇ' ಎಂದು ಒಳಗೆ ಕೂಗುತ್ತಿದ್ದವನು ಅವನೇ. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಸಾರ್, ಕ್ರಯಪತ್ರ ಇನ್ನೂ ನೋಂದಣಿ ಆಗಿಲ್ವಲ್ಲ. ಅದಕ್ಕೆ ಇವಳ ಹೆಸರೂ ಸೇರಿಸ್ಬಹುದಾ?"

"ಮಾರೋರು ಒಪ್ಪಿದ್ರೆ ಧಾರಾಳವಾಗಿ. ಆದ್ರೆ ಮೊದಲನೇ ಹೆಸರು ಯಾರದ್ದು?"

ಗಂಡ ಹೆಂಡತಿಯ ಕೈಲಿದ್ದ ಪೆನ್ನನ್ನು ನೋಡಿದ.

"ಮೇಡಂ ಇದಾರಲ್ಲ," ಎಂದ, "ಅವರನ್ನೇ ಕೇಳಿ."