ಮುನ್ನುಡಿಗೆ ಎರಡು ಪುಟ

“ಸಾಕು, ನಿಲ್ಲಸು,” ಎಂದಳು ತಾಯವ್ವ. “ಇದು ಯಾರ ಬಗ್ಗೆ ಬರದೀ?”

ಚಂದ್ರಕಲಾ ಓದುತ್ತಿದ್ದ ಹಾಳೆಯಿಂದ ತಲೆ ಎತ್ತಿದಳು. ಘೋಣಸಗಿ ಊರಿನ ಮನೆಯ ಕಟ್ಟೆಯ ಮೇಲೆ, ತನ್ನ ಅಜ್ಜಿಯ, ಅಂದರೆ ಆಯಿಯ ಪುಸ್ತಕಕ್ಕೆ ತಾನು ಬರೆದ ಮುನ್ನುಡಿಯನ್ನು ಆಯಿಗೇ ಓದಿ ಹೇಳುತ್ತಿದ್ದಳು. ‘ನಮ್ಮಾಯಿ ಕರುಣೆಯ ಕಡಲು. ಮಕ್ಕಳನ್ನೆಲ್ಲ ಶಾಲೆಗೆ ಕಳಿಸಿದ ಮಹಾತಾಯಿ’ ಎಂಬಲ್ಲಿಗೆ ಬಂದಿದ್ದಳಷ್ಟೇ.

“ನಿನ್ನ ಬಗ್ಗೇನ ಆಯಿ.”

“ಪುಸ್ತಕ ಓದಿಯೇನು?”

ಚಂದ್ರಕಲಾ ಮೊದಲ ಇಪ್ಪತ್ತು ಪುಟ ಓದಿದ್ದಳು, ಕೊನೆಯ ಹತ್ತು ಓದಿದ್ದಳು. ವಿಜಯಪುರದ ಹೈಸ್ಕೂಲಿನಲ್ಲಿ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿ ನಡುವಿನದನ್ನು ಹಾಗೆಯೇ ತಿರುವಿ ಹಾಕಿದ್ದಳು. ಮೊಮ್ಮಕ್ಕಳಲ್ಲಿ ಹಿರಿಯಳು, ಅದರಲ್ಲೂ ಕನ್ನಡ ಟೀಚರು. ಮುನ್ನುಡಿ ಅವಳದೇ ಆಗಬೇಕೆಂದು ಆಯಿ ಹಟ ಹಿಡಿದಿದ್ದಳು. ಪುಟ ಜೋಡಿಸುವ ಉಮರ ಮೊದಲೇ ಹೇಳಿಬಿಟ್ಟಿದ್ದ: “ಎರಡ ಪುಟ ದಾಟಬಾರ್ದು ನೋಡ್ರಿ ಟೀಚರ. ಒಂದ ಫಾರ್ಮಿಗೆ ಹದಿನಾರು ಪುಟ. ಹೆಸರಿನ ಪುಟ, ಅರ್ಪಣೆ, ಪರಿವಿಡಿ, ನಿಮ್ಮ ಮುನ್ನುಡಿ ಎಲ್ಲಾ ಸೇರಿ ಎಂಟು. ಆಯಿಯವರದು ಎಂಬತ್ತೆಂಟು. ಸರಿಯಾಗಿ ಆರು ಫಾರ್ಮು ಆಗೇತಿ. ಒಂದ ಪುಟ ಹೆಚ್ಚಾತಂದ್ರ ಹೊಸಾ ಫಾರ್ಮು ಹಿಡೀಬೇಕು.” ಎರಡು ಪುಟ ತುಂಬಿಸುವುದು ಎಷ್ಟರ ಕೆಲಸ ಎಂದುಕೊಂಡು ಅವಳು ಒಂದೇ ಸಂಜೆ ಬರೆದು ಮುಗಿಸಿದ್ದಳು.

ತಾಯವ್ವ ಒಳಗಿನಿಂದ ತನ್ನ ಕರಡಚ್ಚು ತಂದಳು. ನಲವತ್ತೇಳನೆಯ ವಯಸ್ಸಿನಲ್ಲಿ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು, ಕುರಿ ದೊಡ್ಡಿಯ ಬದುಕನ್ನು ಏಳು ನೋಟಬುಕ್ಕಿನಲ್ಲಿ ಬರೆದವಳು. ಈಗ ಎಂಬತ್ತರಲ್ಲಿ, ಬೆರಳು ಆನಿಸಿಕೊಂಡು ಒಂದೊಂದು ಸಾಲನ್ನೂ ತಾನೇ ನೋಡಿದ್ದಳು. ಉಮರ ‘ದೊಡ್ಡಿ’ಯನ್ನು ‘ದಡ್ಡಿ’ ಮಾಡಿದ್ದ ಕಡೆಯೆಲ್ಲ ಕೆಂಪು ಗೀಟು ಬಿದ್ದಿತ್ತು.

“ನಲವತ್ತೊಂದನೇ ಪುಟ ತಗಿ. ಮನಸ್ಸಿನ್ಯಾಗ ಓದ್ಕೋ.”

ಚಂದ್ರಕಲಾ ಓದಿದಳು. ‘ಬೋರವ್ವನ ಎರಡನೇ ಇಯತ್ತೆಗೆ ಸಾಲಿ ಬಿಡಿಸಿದೆ. ಕೂಸು ನೋಡಾಕ ಯಾರೂ ಇರಲಿಲ್ಲ. ಮಾಸ್ತರ ಮೂರು ಸಲ ಮನೀಗೆ ಬಂದ್ರು. ಹುಡುಗಿ ಅಳಾಕತ್ತಿದ್ಲು. ನಿಮ್ಮಪ್ಪ ಬ್ಯಾಡ ಅಂದಾನ ಅಂತ ಹೇಳಿದೆ. ಮನಿಯವರು ಆಗ ಕುರಿ ಹೊಡಕೊಂಡು ದೂರ ಹೋಗಿದ್ರು, ಅವರಿಗೆ ಗೊತ್ತ ಇರಲಿಲ್ಲ. ತಿರುಗಿ ಬಂದಮ್ಯಾಲೆ ಗೊತ್ತಾತು. ಆದ್ರ ಮಗಳ ಮುಂದ ನನ್ನ ಮಾತು ಸುಳ್ಳು ಮಾಡಲಿಲ್ಲ. ಸಾಯೂತನಾ ಅಕಿ ಸಿಟ್ಟು ಅವರೇ ಹೊತ್ರು.’

ಬೋರವ್ವ ಚಂದ್ರಕಲಾಳ ತಾಯಿ. ಅವ್ವನ ಅಪ್ಪ, ಮುತ್ಯಾ ಅಮೋಘಿ, ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅವ್ವ ಗಂಜಿ ತಂದಿಟ್ಟು, ಮುಖ ನೋಡದೆ ಹೊರಗೆ ಬರುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಆಯಿ, ಅವ್ವಗ ಇದು ಗೊತ್ತೈತೇನು?”

“ಇಲ್ಲ.”

“ಇನ್ನೂ ಅಚ್ಚಿಗೆ ಹೋಗಿಲ್ಲ. ತಗದು ಹಾಕೂಣೇನು?”

“ಆ ಒಂದ ಪುಟದ ಸಲುವಾಗಿ ಉಳಿದ ಎಂಬತ್ತೇಳು ಬರದೀನಿ,” ಎಂದಳು ತಾಯವ್ವ. ದನಿ ಏರಲಿಲ್ಲ. “ಬಾಯಿಲೆ ಹೇಳಾಕ ಐವತ್ತು ವರ್ಷ ನೋಡಿದೆ, ಆಗಲಿಲ್ಲ. ನಿಮ್ಮವ್ವಗ ಓದಾಕ ಬರೂದಿಲ್ಲ. ಮುನ್ನುಡಿ ಬರಿಯಾಕಿ ಪುಸ್ತಕ ಪೂರಾ ಓದ್ತಾಳ, ಓದಿ ಅಕಿಗೆ ಹೇಳ್ತಾಳ ಅಂತ ತಿಳಕೊಂಡಿದ್ದೆ. ನೀ ಓದದನ ಕಡಲು, ಗಿಡಲು ಅಂತ ಬರಕೊಂಡು ಬಂದೀ.”

ಚಂದ್ರಕಲಾ ವಿಜಯಪುರಕ್ಕೆ ಹೋಗಲಿಲ್ಲ. ತಿಕೋಟಾದಲ್ಲಿ ಬಸ್ಸಿಗೆ ಕಾಯುತ್ತ, ಆಮೇಲೆ ಜೀಪಿನಲ್ಲಿ ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತು, ಕರಡಚ್ಚಿನಲ್ಲಿ ತಾನು ಬಿಟ್ಟಿದ್ದ ಪುಟಗಳನ್ನೆಲ್ಲ ಓದಿದಳು. ಅವ್ವನ ಊರು ಬಬಲೇಶ್ವರ ಮುಟ್ಟಿದಾಗ ಇಳಿಹೊತ್ತು. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ಯವ್ವಾ, ಆಯಿ ಬರದಿದ್ದು ಒಂದ ಪುಟ ಐತಿ. ಕೇಳ್ತಿಯೇನು?”

“ಓದು. ಕೈ ಖಾಲಿ ಇಲ್ಲ, ಕಿವಿ ಖಾಲಿ ಅದಾವ.”

ಚಂದ್ರಕಲಾ ನಿಧಾನವಾಗಿ ಓದಿದಳು. ‘ನಿಮ್ಮಪ್ಪ ಬ್ಯಾಡ ಅಂದಾನ’ ಎಂಬಲ್ಲಿಗೆ ಮೊರ ನಿಂತಿತು. ಮುಗಿದ ಮೇಲೆ ಬೋರವ್ವ “ಇನ್ನೊಮ್ಮೆ” ಎಂದಳು. ಎರಡನೇ ಸಲ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿನಗ ಬ್ಯಾಡ ಅನಸಿದ್ರ ಈ ಪುಟ ತಗಸ್ತೀನಿ ಯವ್ವಾ. ಆಯಿ ಜೋಡಿ ನಾ ಮಾತಾಡ್ತೀನಿ.”

“ಇರ್ಲಿ ಬಿಡು. ಅಕಿಗೂ ಹಗುರ ಆಗ್ಲಿ.” ಬೋರವ್ವ ಮೊರದೊಳಗಿನ ಒಂದು ಹರಳನ್ನು ಆರಿಸಿ ಆಚೆ ಎಸೆದಳು. “ಪುಸ್ತಕದ ಮುಂದ ನೀ ಬರಿಯೂದು ಏನೋ ಐತೆಲ್ಲ, ಅದರಾಗ ಏನ ಬರೀತಿ?”

ಚಂದ್ರಕಲಾ ಹಳೆಯ ಮುನ್ನುಡಿಯನ್ನು ಮಡಚಿ ಚೀಲಕ್ಕೆ ತುರುಕಿದಳು. ಕರಡಚ್ಚಿನ ಬೆನ್ನಿಗೇ ಹೊಸದನ್ನು ಶುರು ಮಾಡಿದಳು. ಏಳು ನೋಟಬುಕ್ಕಿನ ವಿಷಯ, ಕಾಗುಣಿತ ಮಾತ್ರ ತಿದ್ದಿ ಮಾತನ್ನು ಆಯಿ ಆಡಿದ ಹಾಗೆಯೇ ಬಿಟ್ಟ ವಿಷಯ, ಪುಸ್ತಕ ಓದದೆ ತಾನು ಒಮ್ಮೆ ಮುನ್ನುಡಿ ಬರೆದ ವಿಷಯ. ಎಲ್ಲಕ್ಕೂ ಮೇಲಿನ ಸಾಲುಗಳು ಇವು: ‘ಈ ಪುಸ್ತಕವನ್ನು ನಮ್ಮಾಯಿ ಬರೆದಿರುವುದು ತನ್ನ ಮಗಳಿಗೆ. ಮಗಳಿಗೆ ಓದಲು ಬರುವುದಿಲ್ಲ. ಯಾಕೆ ಎಂಬುದು ನಲವತ್ತೊಂದನೆಯ ಪುಟದಲ್ಲಿದೆ. ನಾನು ಓದಿ ಹೇಳಿದೆ.’

ಆ ಸಾಲುಗಳನ್ನು ಅವ್ವನಿಗೆ ಕೇಳಿಸಿದಳು. ಬೋರವ್ವ ತಲೆಯಾಡಿಸಿದಳು.

“ಚಲೋ ಆತು. ನನಗೇನೋ ನೀ ಓದಿ ಹೇಳಿದಿ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ನಮ್ಮಪ್ಪಗ ಯಾರು ಓದಿ ಹೇಳ್ತಾರ?”