ಗಾಡಿ ಹೊರಟಾಯ್ತು!

ಸ್ನೇಹಿತರೇ, "ಐದೇ ನಿಮಿಷ, ಬಂದ್ಬಿಟ್ಟೆ..." ಎಂದು ಸೋಫಾ ಮೇಲೆ ಕೂತೇ ಹೇಳದವರು ನಮ್ಮಲ್ಲಿ ಯಾರಿದ್ದಾರೆ?

ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ಉಳಿದವರು ದಯವಿಟ್ಟು ಪೂರ್ತಿ ಓದಿ...

ತಿಪಟೂರಿನಲ್ಲಿ ಪಂಚಾಕ್ಷರಿ ಎಂಬ ಯುವಕನಿಗೆ ಶಾಮಿಯಾನ ಅಂಗಡಿ. ಒಳ್ಳೆಯ ಹುಡುಗ, ಆದರೆ ಒಂದೇ ದಿನಕ್ಕೆ ಎರಡು ಮೂರು ಆರ್ಡರ್ ಒಪ್ಪಿಕೊಳ್ಳುತ್ತಿದ್ದ.

ಗಿರಾಕಿ ಫೋನ್ ಮಾಡಿದರೆ ಉತ್ತರ ರೆಡಿ. "ಗಾಡಿ ಹೊರಟಾಯ್ತು ಸಾರ್, ಸರ್ಕಲ್ ದಾಟ್ತಾ ಇದೆ!"

ಗಾಡಿ ಮಾತ್ರ ಗೋಡೌನ್ ಮುಂದೆ ಆರಾಮಾಗಿ ನಿಂತಿರುತ್ತಿತ್ತು...

"ಇದೆಲ್ಲ ಬಿಸಿನೆಸ್ ಮಾತು. ಮನೆಯವರ ಹತ್ರ ನಾನು ಸುಳ್ಳು ಹೇಳಲ್ಲ" ಎಂದು ಅವನೇ ಎದೆ ತಟ್ಟಿಕೊಳ್ಳುತ್ತಿದ್ದ. ಅದನ್ನು ನಿಜವಾಗಿಯೂ ನಂಬಿದ್ದ.

ಅವನ ಅಕ್ಕ ವನಜಾಕ್ಷಿ, ಶಾಲೆಯಲ್ಲಿ ಪಿ.ಟಿ. ಟೀಚರ್. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಿಯಾಗಿದ್ದಳು. ಒಂದು ಮಧ್ಯಾಹ್ನ, ಗಂಡ ತುಮಕೂರಿನಲ್ಲಿದ್ದಾಗ, ದಿನ ತುಂಬುವ ಮೊದಲೇ ನೋವು ಶುರುವಾಯಿತು.

"ಲೋ, ಕಾರ್ ತಗೊಂಡು ಬೇಗ ಬಾರೋ... ತಡೆಯಕ್ಕಾಗ್ತಿಲ್ಲ!"

ಪಂಚಾಕ್ಷರಿ ಆಗ ದೂರದ ಅರಸೀಕೆರೆಯಲ್ಲಿ ಕಂಬ ಕಟ್ಟಿಸುತ್ತಿದ್ದ.

"ಹೊರಟಾಯ್ತು ಅಕ್ಕ, ಸರ್ಕಲ್ ದಾಟ್ತಾ ಇದ್ದೀನಿ!"

ಫೋನ್ ಕಟ್ಟಾಯಿತು. ಅವನು ಗರ ಬಡಿದವನಂತೆ ನಿಂತುಬಿಟ್ಟ...

ಏನಂದೆ ನಾನು?! ಹೇಳಬೇಕೆಂದು ಹೇಳಿದ್ದಲ್ಲ. ಯೋಚಿಸುವ ಮೊದಲೇ ನಾಲಿಗೆ ಹೇಳಿ ಮುಗಿಸಿತ್ತು!

ತಿರುಗಿ ಫೋನ್ ಮಾಡಿದ. ನೋವಿನಲ್ಲಿದ್ದ ಅಕ್ಕ ಎತ್ತಲಿಲ್ಲ. ಅಷ್ಟರಲ್ಲಿ, ಪಕ್ಕದ ಮನೆಯವರು ಬಾಗಿಲಿಗೇ ಕರೆತಂದಿದ್ದ ಆಟೋವನ್ನು ಅವಳು ವಾಪಸ್ ಕಳಿಸಿದ್ದಳು. "ನನ್ನ ತಮ್ಮ ಬಂದೇಬಿಟ್ಟ" ಎಂದು...

ಅವನು ಅರಸೀಕೆರೆಯಿಂದ ಬಂದು ಅಕ್ಕನನ್ನು ಆಸ್ಪತ್ರೆ ಸೇರಿಸುವಾಗ ತುಂಬಾ ತಡವಾಗಿತ್ತು. ಹೆಣ್ಣುಮಗು ಹುಟ್ಟಿತು. ಆದರೆ ಅಳಲಿಲ್ಲ.

"ಇಷ್ಟು ಹೊತ್ತು ಯಾರಿಗೆ ಕಾಯ್ತಾ ಇದ್ರಿ?" ಎಂದು ಡಾಕ್ಟರ್ ರೇಗಿದರು. ಯಾರಿಗೆ ಎಂಬುದು ಪಂಚಾಕ್ಷರಿಗೆ ಗೊತ್ತಿತ್ತು.

ದೇವರು ದೊಡ್ಡವನು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಮಗು ಉಳಿಯಿತು.

ನಾಮಕರಣದ ದಿನ ಅಕ್ಕನ ಮನೆಗೆ ಹೋದ ಪಂಚಾಕ್ಷರಿಗೆ ಇನ್ನೊಂದು ಶಾಕ್. ಬಾಗಿಲಲ್ಲಿ ಬೇರೆ ಅಂಗಡಿಯವರ ಪೆಂಡಾಲ್! ಸೋದರಮಾವನೇ ಶಾಮಿಯಾನದವನು... ಮಗುವಿನ ತಲೆಯ ಮೇಲೆ ಬೇರೆಯವರ ನೆರಳು!

"ನಿನ್ನ ಮಾತು ನಂಬಿ ಒಂದ್ಸಲ ಕಾದಿದ್ದು ಸಾಕಪ್ಪ" ಎಂದರು ಭಾವ ದಯಾನಂದ, ಮುಖ ನೋಡದೆ.

ಅವನು ಅಡುಗೆಮನೆಯಲ್ಲಿ ಅಕ್ಕನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. "ಇನ್ಮೇಲೆ ಸುಳ್ಳು ಹೇಳಲ್ಲ ಅಕ್ಕ, ಆಣೆ! ಆದ್ರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ..."

"ಹುಟ್ಟುಗುಣ ಯಾವುದೋ? ಸುಳ್ಳು ಹೇಳ್ಕೊಂಡೇ ಹುಟ್ಟಿದ್ಯಾ ನೀನು?" ಅಕ್ಕ ಕಣ್ಣು ಒರೆಸಿಕೊಂಡಳು. "ದಿನಾ ಗಿರಾಕಿಗಳ ಹತ್ರ ಹೇಳಿ ಹೇಳಿ ಕಲಿತೆ. ನಾಲಿಗೆಗೆ ಗಿರಾಕಿ ಯಾರು, ಅಕ್ಕ ಯಾರು ಗೊತ್ತಾಗುತ್ತಾ?"

"ಈಗ ಏನ್ ಮಾಡ್ಲಿ?"

"ಆಣೆಗೀಣೆ ಬೇಡ, ಪ್ರಾಕ್ಟೀಸ್ ಮಾಡು. ನಮ್ಮ ಖೋ-ಖೋ ಹುಡುಗೀರನ್ನ ನೋಡು. ಖೋ ಅಂದಾಗ ಯೋಚನೆ ಮಾಡಿ ಏಳ್ತಾರಾ? ಮೈಯೇ ಏಳುತ್ತೆ. ಮೊದಮೊದಲು ತಪ್ಪುತ್ತೆ, ಕಷ್ಟ ಆಗುತ್ತೆ. ಚಿಕ್ಕಚಿಕ್ಕ ಮಾತಲ್ಲೇ ಶುರು ಮಾಡು. ದೊಡ್ಡ ದಿನ ಬಂದಾಗ ಕಲಿಯಕ್ಕೆ ಟೈಮ್ ಇರಲ್ಲ ಕಣೋ."

ಮಾರನೇ ದಿನವೇ ಪರೀಕ್ಷೆ. "ಗಾಡಿ ಎಲ್ಲಿ?" ಎಂದ ಗಿರಾಕಿಗೆ, "ಇನ್ನೂ ಗೋಡೌನಲ್ಲೇ ಇದೆ ಸಾರ್" ಎಂದ. ಹೇಳುವಷ್ಟರಲ್ಲಿ ಬೆವರಿಳಿಯಿತು. ಸಿಕ್ಕಾಪಟ್ಟೆ ಬೈಸಿಕೊಂಡ. ಎಷ್ಟೋ ಸಲ "ಹೊರಟಾ..." ಎಂದು ಅರ್ಧ ಹೇಳಿ, ನಾಲಿಗೆ ಕಚ್ಚಿಕೊಂಡು, "ಇಲ್ಲ ಸಾರ್, ಹೊರಟಿಲ್ಲ" ಎಂದು ತಿದ್ದಿಕೊಂಡ.

ಆಮೇಲೆ ಒಂದು ತಮಾಷೆ ನಡೆಯಿತು. ಸುಳ್ಳು ಹೇಳುವಂತಿಲ್ಲ ಎಂದಮೇಲೆ ಗಾಡಿಯನ್ನೇ ಬೇಗ ಹೊರಡಿಸಬೇಕಾಯಿತು! ಒಂದು ದಿನಕ್ಕೆ ಎರಡು ಆರ್ಡರ್ ಹಿಡಿಯುವ ಆಸೆಯನ್ನೂ ಬಿಡಬೇಕಾಯಿತು. ಒಂದು ಒಳ್ಳೆಯ ಗುಣ ಇನ್ನೊಂದನ್ನು ಕೈಹಿಡಿದು ಕರೆತಂದಿತ್ತು.

ಒಮ್ಮೆ ಅತಿಯೂ ಆಯಿತು. ಮದುವೆಮನೆಯಲ್ಲಿ ಹೆಣ್ಣಿನ ತಂದೆಗೆ "ನಿಮ್ಮ ಮಂಟಪ ಚೂರೂ ಚೆನ್ನಾಗಿಲ್ಲ" ಎಂದುಬಿಟ್ಟ, ಯಾರೂ ಕೇಳದಿದ್ದರೂ. ಆ ಮನುಷ್ಯ ಪಾಪ, ಮಂಕಾದ.

"ಅದು ನಿಜ ಹೇಳೋದಲ್ಲ, ಚುಚ್ಚೋದು" ಎಂದಳು ಅಕ್ಕ. "ಉಪ್ಪು ಕಮ್ಮಿಯಾದ್ರೆ ಸಪ್ಪೆ, ಜಾಸ್ತಿಯಾದ್ರೆ ಉಣ್ಣಕ್ಕಾಗಲ್ಲ. ಯಾರಿಗೆ, ಯಾವಾಗ, ಹೆಂಗೆ ಹೇಳ್ಬೇಕು ಅನ್ನೋ ಹದಾನೂ ಮಾಡ್ತಾ ಮಾಡ್ತಾನೇ ಬರೋದು."

ತಿಂಗಳುಗಳು ಕಳೆದವು. ಬೆವರು ನಿಂತಿತು. ನಿಜ ಹೇಳಿದಾಗ ಮನಸ್ಸು ಹಗುರಾಗತೊಡಗಿತು.

ಒಂದು ದಿನ ಫೋನ್ ಬಂತು. ಭಾವ!

"ಪಾಪು ಮೊದಲನೇ ಹುಟ್ಟುಹಬ್ಬ, ಈ ಭಾನುವಾರ. ಪೆಂಡಾಲ್ ನೀನೇ ಹಾಕ್ಬೇಕು ಕಣಪ್ಪ."

ಯಾವ ಕರೆಗಾಗಿ ವರ್ಷವಿಡೀ ಹಂಬಲಿಸಿದ್ದನೋ ಅದೇ ಕರೆ...

"ಆಗಲ್ಲ ಭಾವ. ಭಾನುವಾರ ಬೇರೆಯವರಿಗೆ ಒಪ್ಕೊಂಡಿದ್ದೀನಿ."

ಹೇಳಿ ಮುಗಿಸಿದ ಮೇಲೆ ಅವನಿಗೇ ಅರಿವಾಯಿತು. ಅಯ್ಯೋ, ಏನಂದೆ ನಾನು?! ಈ ಸಲವೂ ಅವನು ಯೋಚಿಸಿರಲಿಲ್ಲ. ಆದರೆ ಈ ಸಲ ತಾನಾಗಿಯೇ ಬಂದದ್ದು ನಿಜ...

ಎಲ್ಲ ಮುಗಿಯಿತು ಎಂದುಕೊಂಡ.

ಆದರೆ ಭಾವ ಅಂದರು, "ಹಳೇ ಪಂಚಾಕ್ಷರಿ ಆಗಿದ್ರೆ ಎರಡನ್ನೂ ಒಪ್ಕೊಳ್ತಿದ್ದ... ಹುಟ್ಟುಹಬ್ಬ ಮುಂದಕ್ಕೆ ಹಾಕ್ತೀನಿ. ನೀನು ಯಾವತ್ತು ಬರ್ತೀಯ ಹೇಳು, ನಿನಗೆ ಕಾಯ್ತೀವಿ."

"ಕಾಯ್ತೀವಿ" ಎಂಬ ಆ ಒಂದು ಮಾತಿಗೆ ಪಂಚಾಕ್ಷರಿ ಗೋಡೌನಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟ.

*ಒಳ್ಳೆಯತನ ಆಣೆಯಿಂದ ಬರುವುದಿಲ್ಲ. ಇಂದಿನ ಸಣ್ಣ ಸಣ್ಣ ನಡತೆಯೇ ನಾಳೆ ನಮ್ಮ ಗುಣವಾಗುತ್ತದೆ.*

ಯೋಚಿಸಲು ಸಮಯವೇ ಇಲ್ಲದ ಕ್ಷಣದಲ್ಲಿ ನಿಮ್ಮ ಬಾಯಿಂದ ಏನು ಬರುತ್ತದೆ... ಅದಕ್ಕೆ ಇಂದು ಯಾವ ಅಭ್ಯಾಸ ಮಾಡುತ್ತಿದ್ದೀರಿ?